ಶಾರ್ಟ್ ಫಿಲ್ಮ್ ಸ್ಕ್ರಿಪ್ಟ್ ಬ್ರೇಕ್‌ಡೌನ್

ಸ್ಕ್ರಿಪ್ಟ್ ರೆಡಿ ಇದೆ, ಲೊಕೇಶನ್, ಪ್ರಾಪ್ಸ್, ಕಾಸ್ಟ್ಯೂಮ್, ಪಾತ್ರಗಳ ಲಿಸ್ಟ್ ಹೇಗೆ ಮಾಡ್ಕೊಳ್ಳೋದು?

ಸೀನಿಗೆಲ್ಲ ನಂಬರ್ ಹಾಕಿ, ಒಂದೊಂದು ಸೀನಿಗೂ ಬೇರೆ ಬೇರೆ ಹಾಳೆಲಿ ಜಾಗ, ಹಗಲೋ ರಾತ್ರಿಯೋ, ಯಾರ್ಯಾರು, ಏನೇನು ಸಾಮಾನು, ಯಾವ ಬಟ್ಟೆ ಅಂತ ಬರ್ಕೊಳ್ಳಿ, ಆಮೇಲೆ ಹಾಳೆಗಳನ್ನ ಜಾಗದ ಪ್ರಕಾರ ಜೋಡಿಸಿ. ಶೂಟಿಂಗ್ ಕಥೆ ಕ್ರಮದಲ್ಲಿ ನಡಿಯಲ್ಲ, ಒಂದೇ ಮನೇಲಿ ಬರೋ 2, 7, 9ನೇ ಸೀನ್ ಒಟ್ಟಿಗೆ ಮುಗಿಸ್ತೀವಿ, ಅದಕ್ಕೇ ಹಾಳೆ ಬೇರೆ ಇರ್ಬೇಕು.

ಎಡವೋದು ಸ್ಕ್ರಿಪ್ಟಲ್ಲಿ ಬರೆದಿಲ್ಲದೇ ಇರೋದ್ರಲ್ಲಿ. 7ನೇ ಸೀನಲ್ಲಿ "ರವಿ ಮಳೇಲಿ ನೆಂದು ಒಳಗೆ ಬರ್ತಾನೆ, ಕಾಗದ ಓದಿ ಹರಿದು ಹಾಕ್ತಾನೆ" ಅಂತ ಇದೆ ಅನ್ಕೊಳ್ಳಿ. ಲಿಸ್ಟಲ್ಲಿ "ಕಾಗದ 1, ಶರ್ಟ್ 1" ಅಂತ ಬರೆದ್ರೆ ಎರಡನೇ ಟೇಕಿಗೇ ಕೆಲಸ ನಿಲ್ಲುತ್ತೆ, ಯಾಕಂದ್ರೆ ಹರಿದ ಕಾಗದ ವಾಪಸ್ ಬರಲ್ಲ. ಐದು ಟೇಕ್ ಅಂದಾಜಿದ್ರೆ ಒಂದೇ ಕೈಬರಹದ ಆರೇಳು ಕಾಗದ ಬೇಕು. ಬಾಗಿಲಿಂದ ಬರೋ ಶಾಟಿಗೆ ಪ್ರತಿ ಸಲ ಶರ್ಟ್ ಮತ್ತೆ ನೆನೆಸ್ಬೇಕು, ಸೋ ಬಕೆಟ್ಟು, ಟವೆಲ್ಲೂ ಲಿಸ್ಟಿಗೆ ಬರುತ್ತೆ. 9ನೇ ಸೀನ್ ಅದೇ ರಾತ್ರಿದಾದ್ರೆ ಅದೇ ಶರ್ಟ್, ಆದ್ರೆ ಅರ್ಧ ಒಣಗಿರ್ಬೇಕು! ಅದಕ್ಕೆ ಕಾಸ್ಟ್ಯೂಮ್ ಮಾತ್ರ ಶೂಟಿಂಗ್ ದಿನದ ಲೆಕ್ಕದಲ್ಲಲ್ಲ, ಕಥೆಯ ದಿನದ ಲೆಕ್ಕದಲ್ಲಿ ಬರೀರಿ.