ಶುಗರ್ ಇದ್ದವರ ಒಸಡಿನಲ್ಲಿ ರಕ್ತ: ಡೆಂಟಿಸ್ಟ್‌ಗೆ ಏನೇನು ಹೇಳಬೇಕು?

“ಎಂಟು ವರ್ಷದಿಂದ ಶುಗರ್ ಇದೆ. ಈಚೆಗೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬರುತ್ತೆ, ನೋವೇನೂ ಇಲ್ಲ. ಎರಡಕ್ಕೂ ಸಂಬಂಧ ಇದೆಯಾ? ಡೆಂಟಿಸ್ಟ್ ಹತ್ತಿರ ಶುಗರ್ ವಿಷಯ ಹೇಳಲೇಬೇಕಾ?”

ಸಂಬಂಧ ಇದೆ, ಹೇಳಲೇಬೇಕು. ಒಸಡಿನ ಚಿಕಿತ್ಸೆಯೇ ನನ್ನ ಕೆಲಸ. ನೋವಿಲ್ಲ ಅಂತ ದಯವಿಟ್ಟು ಕಾಯಬೇಡಿ. ಹಲ್ಲು ಅಲುಗಾಡಲು ಶುರುವಾಗುವವರೆಗೂ ಈ ಕಾಯಿಲೆ ನೋಯದೇ ಇರಬಹುದು.

ಸಕ್ಕರೆ ಸದಾ ಏರಿಯೇ ಇದ್ದರೆ ಸೋಂಕನ್ನು ಎದುರಿಸುವ ಬಿಳಿ ರಕ್ತಕಣಗಳು ಸರಿಯಾಗಿ ಕೆಲಸ ಮಾಡುವುದಿಲ್ಲ, ಗಾಯವೂ ಬೇಗ ಮಾಯುವುದಿಲ್ಲ. ಹಾಗಾಗಿ ಹಲ್ಲಿನ ಬುಡದ ಕೊಳೆಗೆ ಒಸಡು ಹೆಚ್ಚು ಊದಿಕೊಂಡು, ಹಲ್ಲನ್ನು ಹಿಡಿದಿರುವ ಮೂಳೆ ಕರಗತೊಡಗುತ್ತದೆ. ಆ ಊತದಿಂದ ಹೊರಡುವ ರಾಸಾಯನಿಕಗಳು ರಕ್ತಕ್ಕೆ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತವೆ, ಸಕ್ಕರೆ ಮತ್ತಷ್ಟು ಏರುತ್ತದೆ. ಒಸಡಿನ ಕೆಳಗಿನವರೆಗೂ ಶುಚಿ ಮಾಡಿದರೆ ಮೂರ್ನಾಲ್ಕು ತಿಂಗಳಲ್ಲಿ ಎಚ್‌ಬಿಎ1ಸಿ, ಅಂದರೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಮಟ್ಟ ತೋರಿಸುವ ರಕ್ತಪರೀಕ್ಷೆಯ ಅಂಕಿ, ಸರಾಸರಿ 0.4ರಷ್ಟು ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಹಾಗಂತ ಇದು ಶುಗರ್ ಮಾತ್ರೆಗೆ ಬದಲಿಯಲ್ಲ.

ನನ್ನ ಬಳಿ ಬಂದ ಒಬ್ಬರ ವಿಷಯ ಹೇಳುತ್ತೇನೆ. ಎಚ್‌ಬಿಎ1ಸಿ 8.8 ಇತ್ತು. ಒಸಡಿಗೂ ಹಲ್ಲಿಗೂ ನಡುವಿನ ಸಂದು 3 ಮಿ.ಮೀ. ಒಳಗಿರಬೇಕು, ಅವರಿಗೆ ಹಿಂದಿನ ಹಲ್ಲುಗಳಲ್ಲಿ 6 ಇತ್ತು. ಕ್ಲೀನಿಂಗ್ ದಿನ ‘ಇಂಜೆಕ್ಷನ್ ಕೊಡ್ತಾರೆ’ ಅಂತ ತಿಂಡಿ ಬಿಟ್ಟು, ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಮಾತ್ರ ನುಂಗಿ ಬಂದಿದ್ದರು. ಅರ್ಧ ಕೆಲಸ ಆಗುವಷ್ಟರಲ್ಲಿ ಕೈ ನಡುಗಿ ಬೆವರತೊಡಗಿದರು. ನೋಡಿದರೆ ಶುಗರ್ 58ಕ್ಕೆ ಇಳಿದಿತ್ತು. ಗ್ಲೂಕೋಸ್ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ನೋಡಿದ ಮೇಲೆ ಸುಧಾರಿಸಿತ್ತು. ಭಯಕ್ಕೂ ಹೀಗೇ ಬೆವರುತ್ತಾರೆ. ಶುಗರ್ ಮಾತ್ರೆಯ ವಿಷಯ ಮೊದಲೇ ಗೊತ್ತಿದ್ದರಿಂದ ಅದು ಭಯವಲ್ಲ ಅಂತ ಬೇಗ ತಿಳಿಯಿತು.

ಆದ್ದರಿಂದ ನೀವು ಮೊದಲು ಹೇಳಬೇಕಾದದ್ದು ಇನ್ಸುಲಿನ್ ಅಥವಾ ಯಾವ ಮಾತ್ರೆ, ಎಷ್ಟು ಹೊತ್ತಿಗೆ ತಗೊಂಡಿರಿ, ಕೊನೆಗೆ ಊಟ ಮಾಡಿದ್ದು ಯಾವಾಗ, ಹಿಂದೆ ಶುಗರ್ ಇಳಿದು ತೊಂದರೆ ಆಗಿತ್ತಾ ಅನ್ನುವುದು. ಕೊನೆಯ ಎಚ್‌ಬಿಎ1ಸಿ ವರದಿ ಕೈಯಲ್ಲಿರಲಿ. ಬೇರೆ ಮಾತ್ರೆಗಳ ಚೀಟಿಯನ್ನೂ ತನ್ನಿ: ಬಿಪಿಗೆ ಕೊಡುವ ಆಮ್ಲೋಡಿಪಿನ್ ಕೆಲವರಲ್ಲಿ ಒಸಡನ್ನೇ ಬೆಳೆಸುತ್ತದೆ, ರಕ್ತ ತೆಳುಮಾಡುವ ಮಾತ್ರೆ ಇದ್ದರೆ ರಕ್ತ ನಿಲ್ಲುವುದು ತಡ. ಕಿಡ್ನಿ ತೊಂದರೆ ಇದ್ದರೆ ಮುಚ್ಚಿಡಬೇಡಿ, ನಾವು ಬರೆಯುವ ನೋವಿನ ಮಾತ್ರೆಯೇ ಬದಲಾಗುತ್ತದೆ. ಸಿಗರೇಟು ಸೇದುವವರಿಗೆ ಕಾಯಿಲೆ ಬಲಿತಿದ್ದರೂ ರಕ್ತ ಕಡಿಮೆ ಬರುತ್ತದೆ, ಅದನ್ನೂ ಹೇಳಿ.

ಸಾಮಾನ್ಯವಾಗಿ ಬೆಳಗಿನ ಹೊತ್ತು, ತಿಂಡಿ ತಿಂದು, ಎಂದಿನ ಮಾತ್ರೆ ತಗೊಂಡು ಹೋಗುವುದು ಒಳ್ಳೆಯದು. ಬಾಯಿ ಮರಗಟ್ಟಿ ಮುಂದಿನ ಊಟ ತಡವಾಗಬಹುದು ಅನ್ನಿಸಿದರೆ, ಆ ಹೊತ್ತಿನ ಇನ್ಸುಲಿನ್ ಏನು ಮಾಡಬೇಕೆಂದು ನಿಮ್ಮ ಶುಗರ್ ಡಾಕ್ಟರನ್ನು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ.