ದಡದ ಹತ್ತಿರ ಅಲೆ ತಿರುಗುವುದು, ಏರುವುದು

ಅಲೆಗಳು ಓರೆಯಾಗಿ ಬಂದರೂ ದಡದ ಹತ್ತಿರ ಅದಕ್ಕೆ ಸಮಾನಾಂತರವಾಗಿ ತಿರುಗಿ, ಎತ್ತರ ಆಗೋದು ಯಾಕೆ?

ಆಳ ಕಮ್ಮಿಯಾದಷ್ಟೂ ಅಲೆ ನಿಧಾನವಾಗುತ್ತದೆ, ಎಲ್ಲಾ ಅದರಿಂದಲೇ. ಅಲೆಯ ಉದ್ದಕ್ಕೆ ಹೋಲಿಸಿದರೆ ಆಳ ತುಂಬಾ ಕಮ್ಮಿ ಇರುವಲ್ಲಿ ವೇಗ √(g × ಆಳ); g ಅಂದರೆ ಗುರುತ್ವ ವೇಗೋತ್ಕರ್ಷ. 4 ಮೀಟರ್ ಆಳದಲ್ಲಿ ಸೆಕೆಂಡಿಗೆ ಸುಮಾರು 6.3 ಮೀಟರ್, 1 ಮೀಟರ್ ಆಳದಲ್ಲಿ 3.1. ಅಲೆಯ ಓರೆ ಶಿಖರದ ಒಂದು ತುದಿ ಮೊದಲು ಕಮ್ಮಿ ಆಳಕ್ಕೆ ಬಂದು ನಿಧಾನವಾಗುತ್ತದೆ. ಇನ್ನೊಂದು ತುದಿ ಜೋರಾಗಿ ಬರುತ್ತಲೇ ಇರುತ್ತದೆ, ಅಲ್ವಾ? ಹಾಗಾಗಿ ಶಿಖರ ತಿರುಗುತ್ತದೆ. ವೇಗ ಅರ್ಧವಾದರೆ ಶಿಖರ ದಡದೊಂದಿಗೆ ಮಾಡುವ ಕೋನದ ಸೈನ್ ಕೂಡ ಅರ್ಧ: 30 ಡಿಗ್ರಿ ಓರೆ 14.5ಕ್ಕೆ ಇಳಿಯುತ್ತದೆ. ಪೂರ್ತಿ ಸೊನ್ನೆ ಆಗುವುದಿಲ್ಲ.

ಹಿಂದಿನಿಂದ ಶಕ್ತಿ ಅಷ್ಟೇ ಬರುತ್ತಿದ್ದು, ಮುಂದೆ ಸಾಗುವುದು ನಿಧಾನವಾದ್ದರಿಂದ ಅದು ಒತ್ತಾಗುತ್ತದೆ. ಎತ್ತರ ಏರುವುದು ಅದಕ್ಕೇ. ತಿರುಗುವಾಗ ಶಿಖರದ ಸಾಲು ಕೊಂಚ ಉದ್ದವಾಗುವುದನ್ನೂ ಲೆಕ್ಕ ಹಿಡಿದರೆ, 4 ಮೀಟರ್ ಆಳದಲ್ಲಿ 50 ಸೆಂ.ಮೀ. ಇದ್ದ ಅಲೆ 1 ಮೀಟರ್ ಆಳದಲ್ಲಿ ಸುಮಾರು 67 ಸೆಂ.ಮೀ. ಆಗುತ್ತದೆ. ಎತ್ತರ ಆಳದ ಮುಕ್ಕಾಲು ಪಾಲಿನಷ್ಟು ಆದಾಗ ಅಲೆ ಒಡೆಯುತ್ತದೆ.