ಸಂಪಾದಕರ ಉತ್ತರ: ಗಂಟೆಯ ಲೆಕ್ಕ ಇಡಬೇಕಾದ್ದು ಟಿವಿ

"ಮಗಳಿಗೆ ಆರು ವರ್ಷ. ದಿನಕ್ಕೆ ಒಂದೇ ಗಂಟೆ ಕಾರ್ಟೂನ್ ಅಂತ ಮಾತಾಗಿದೆ. ನಮ್ಮದು ಗೂಗಲ್ ಟಿವಿ. ಸ್ಲೀಪ್ ಟೈಮರ್ ಇಟ್ಟರೆ ಅವಳು ಮತ್ತೆ ಆನ್ ಮಾಡಿಕೊಳ್ಳುತ್ತಾಳೆ. ನೆಟ್‌ಫ್ಲಿಕ್ಸ್‌ನಲ್ಲಿ ಗಂಟೆಯ ಮಿತಿ ಎಷ್ಟು ಹುಡುಕಿದರೂ ಸಿಗಲಿಲ್ಲ. ದಿನಾ ಜಗಳ. ಏನು ಮಾಡಲಿ?"
— ಓದುಗರೊಬ್ಬರು, ಹಾಸನ

ನೆಟ್‌ಫ್ಲಿಕ್ಸ್‌ನಲ್ಲಿ ಅಂಥ ಸೌಲಭ್ಯವೇ ಇಲ್ಲ, ಅದಕ್ಕೇ ಸಿಕ್ಕಿಲ್ಲ. ಯಾವ ವಯಸ್ಸಿಗೆ ಏನು ಕಾಣಬೇಕು ಅಂತ ಅಲ್ಲಿ ಹೇಳಬಹುದು, ಎಷ್ಟು ಹೊತ್ತು ಅಂತ ಹೇಳಲಾಗದು. ಇದ್ದಿದ್ದರೂ ಅಲ್ಲಿ ಮುಗಿದ ಮೇಲೆ ಮಗು ಯೂಟ್ಯೂಬ್ ತೆರೆಯುತ್ತಿತ್ತು, ಅಲ್ವಾ? ಇನ್ನು ಸ್ಲೀಪ್ ಟೈಮರ್ ಟಿವಿ ಆರಿಸುತ್ತದೆ ಅಷ್ಟೆ. ಬೆಳಗ್ಗೆಯಿಂದ ಎಷ್ಟು ನೋಡಿದ್ದಾಳೆ ಅನ್ನುವ ಲೆಕ್ಕ ಅದರ ಬಳಿ ಇರುವುದಿಲ್ಲ.

ಗೂಗಲ್ ಟಿವಿಯಲ್ಲಿ ಮಗಳ ಹೆಸರಿಗೆ ಮಕ್ಕಳ ಪ್ರೊಫೈಲ್ ಮಾಡಿ. ಆಮೇಲೆ Settings, Accounts & Sign In, ಅವಳ ಹೆಸರು, Screen time ಅಂತ ಒಳಗೆ ಹೋದರೆ ದಿನದ ಮಿತಿ ಇಡಬಹುದು. ಮಲಗುವ ಸಮಯವನ್ನೂ ಅಲ್ಲೇ ಇಡಬಹುದು. ಸಮಯ ಮುಗಿಯುವ ಮುಂಚೆ ಟಿವಿ ಮೂರು ಸಲ ಎಚ್ಚರಿಸಿ ಆಮೇಲೆ ನಿಲ್ಲಿಸುತ್ತದೆ.

ಎಷ್ಟು ನಿಮಿಷ ಇಡಬೇಕು ಅನ್ನುವಲ್ಲಿ ನಾನೂ ಒಮ್ಮೆ ಎಡವಿದ್ದೆ. ಮಗ ನೋಡುತ್ತಿದ್ದ ಕಾರ್ಟೂನಿನ ಒಂದು ಕಂತು 24 ನಿಮಿಷ. ನಾನು ಇಟ್ಟದ್ದು 60. ಎರಡು ಕಂತಿಗೆ 48 ಆಯಿತು, ಮೂರನೆಯದು ಕಥೆ ಬಿಸಿಯಾದಾಗಲೇ ನಿಂತಿತು. ಅವನ ಅಳು ಹಟದ್ದಲ್ಲ, ಕಥೆ ಅರ್ಧಕ್ಕೆ ಕಡಿದದ್ದಕ್ಕೆ. 50ಕ್ಕೆ ಇಳಿಸಿದೆ, ಜಗಳ ಬಹುಪಾಲು ನಿಂತಿತು. ನಿಮ್ಮ ಮಗಳ ಕಂತು ಎಷ್ಟು ನಿಮಿಷದ್ದು ಅಂತ ಮೊದಲು ನೋಡಿ, ಅದಕ್ಕೆ ಹೊಂದುವಂತೆ ಮಿತಿ ಇಡಿ. ನೆಟ್‌ಫ್ಲಿಕ್ಸ್‌ನಲ್ಲಿ ಮುಂದಿನ ಕಂತು ತಾನಾಗಿ ಶುರುವಾಗುವುದನ್ನೂ ಅವಳ ಪ್ರೊಫೈಲಿಗೆ ನಿಲ್ಲಿಸಿಬಿಡಿ. ಭಾರತೀಯ ಮಕ್ಕಳ ವೈದ್ಯರ ಸಂಘ 5ರಿಂದ 10 ವರ್ಷದವರಿಗೆ ಹೇಳುವುದು ದಿನಕ್ಕೆ 2 ಗಂಟೆಯೊಳಗೆ ಅಂತ. ಆದರೆ ಅದರಲ್ಲಿ ಫೋನೂ ಸೇರುತ್ತದೆ. ಟಿವಿಯ ಲೆಕ್ಕಕ್ಕೆ ಅಜ್ಜಿಯ ಫೋನಿನಲ್ಲಿ ನೋಡಿದ ಅರ್ಧ ಗಂಟೆ ಸಿಗುವುದಿಲ್ಲ, ಅದನ್ನು ನೀವೇ ಕಳೆಯಬೇಕು.

ಮಿತಿ ಸೋರುವುದು ಹೆಚ್ಚಾಗಿ ಒಂದೇ ಕಡೆ. ಈ ಲೆಕ್ಕ ಅವಳ ಪ್ರೊಫೈಲಿಗೆ ಮಾತ್ರ. ಸಮಯ ಮುಗಿದ ಮೇಲೆ ನಿಮ್ಮ ಪ್ರೊಫೈಲಿಗೆ ದಾಟಿದರೆ ಕಾರ್ಟೂನ್ ಮತ್ತೆ ಶುರು. ಅದಕ್ಕೆ ಮಗಳ ಸೆಟ್ಟಿಂಗಿನಲ್ಲೇ ಇರುವ Profile lock ಹಾಕಿ, ಪಿನ್ ಇಲ್ಲದೆ ಹೊರಗೆ ಬರಲಾಗದಂತೆ ಮಾಡಿ. ಹುಟ್ಟಿದ ವರ್ಷವನ್ನು ಪಿನ್ ಮಾಡಬೇಡಿ, ಆರು ವರ್ಷದವರಿಗೆ ಅದು ಬಾಯಿಪಾಠ. ಅಜ್ಜಿಗೂ ಒಂದು ಮಾತು ಹೇಳಿ. ಪಿನ್ ಗೊತ್ತಿದ್ದವರು ಹೆಚ್ಚುವರಿ ಸಮಯ ಕೊಡಬಹುದು, ಮೊಮ್ಮಗಳು ಕಣ್ಣೀರು ಹಾಕಿದರೆ ಕೊಟ್ಟೇ ಕೊಡುತ್ತಾರೆ.

ಒಂದು ವಾರ ಬಿಟ್ಟು ನಿಮ್ಮದೇ ನೆಟ್‌ಫ್ಲಿಕ್ಸ್ ಪ್ರೊಫೈಲ್ ತೆರೆದು, ಅರ್ಧ ನೋಡಿಟ್ಟ ಕಾರ್ಯಕ್ರಮಗಳ ಸಾಲು ನೋಡಿ. ನೀವು ಹಾಕದ ಕಾರ್ಟೂನ್ ಅಲ್ಲಿದ್ದರೆ ಅವಳಿಗೆ ದಾರಿ ಸಿಕ್ಕಿದೆ ಅಂತಲೇ ಅರ್ಥ. ಅವತ್ತೇ ಪಿನ್ ಬದಲಿಸಿ.